‘ಚರ್ಚಿಸಿದಂತೆ’ ಎಂದರೆ ಯಾರು, ಯಾರ ಜೊತೆ?

ನಮಸ್ಕಾರ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ವಿಷಯ ನಿರ್ವಾಹಕಿ. ಈ ಮೇಜಿಗೆ ಬಂದು ಐದು ತಿಂಗಳಾಯಿತು. ಹಳೆಯ ಕಡತವೊಂದರ ಟಿಪ್ಪಣಿಯಲ್ಲಿ, 14ನೇ ಕಂಡಿಕೆಯಲ್ಲಿ ಇಷ್ಟೇ ಇದೆ: “ಚರ್ಚಿಸಿದಂತೆ ಎರಡನೇ ದರಪಟ್ಟಿಯವರಿಗೆ ಕಾರ್ಯಾದೇಶ ನೀಡಬಹುದು.” ಕೆಳಗೆ ಸಾಹೇಬರ ಬರೀ ಸಹಿ, ತಾರೀಖೂ ಇಲ್ಲ. ಕಡಿಮೆ ದರದ ಮೊದಲನೆಯವರನ್ನು ಯಾಕೆ ಬಿಟ್ಟಿರಿ ಎಂದು ಆಡಿಟ್‌ನವರು ಕೇಳಿದ್ದಾರೆ. ಸಾಹೇಬರಿಗೆ ವರ್ಗವಾಗಿದೆ, ಬರೆದವರು ನಿವೃತ್ತರು. ಈ ‘ಚರ್ಚಿಸಿದಂತೆ’ಗೆ ಏನು ಅರ್ಥ ಹೇಳಲಿ?

ಉತ್ತರ, ಕನ್ನಡ ಮೇಷ್ಟ್ರು: ‘ಅಂತೆ’ಗೆ ಮೂರು ಮುಖ. ‘ಹೇಳಿದಂತೆ ಮಾಡಿದ’ ಎಂದರೆ ಹಾಗೆಯೇ ಮಾಡಿದ. ‘ಏನೂ ಆಗಿಲ್ಲವೆಂಬಂತೆ ಕೂತ’ ಎಂದರೆ ನಟನೆ. ‘ಬಂದನಂತೆ’ ಎಂದರೆ ಕೇಳಿದ ಸುದ್ದಿ. ನಿಮ್ಮದು ಮೊದಲನೆಯದು. ಆಡಿಟ್‌ನವರು ಎರಡನೆಯದೆಂದು ಓದಿದ ಹಾಗಿದೆ!

ಉತ್ತರ, ಇನ್ನೊಬ್ಬ ನೌಕರ: ನಮ್ಮಲ್ಲಿ ಅಧಿಕಾರಿ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದರೆ ಪ್ರಸ್ತಾವನೆ ಬಿತ್ತು ಅಂತಲೇ ಲೆಕ್ಕ. ಈಗ ಇ-ಆಫೀಸ್ ಬಂದ ಮೇಲೆ ಈ ತಲೆನೋವೇ ಇಲ್ಲ. ಹೆಸರು, ಸಮಯ ಎಲ್ಲ ತಾನೇ ದಾಖಲಾಗುತ್ತದೆ, ಅಲ್ವಾ?

ಉತ್ತರ, ನಿವೃತ್ತ ಅಧೀಕ್ಷಕ: ಅರ್ಧ ಸರಿ. ಇ-ಆಫೀಸಿನಲ್ಲಿ ಹಸಿರು ಟಿಪ್ಪಣಿಯನ್ನು ಕಡತ ಕಳುಹಿಸಿದ ಮೇಲೆ ತಿದ್ದಲಾಗದು, ನಿಜ. ಆದರೆ ಅದರಲ್ಲಿ ಉಳಿಯುವುದು ಯಾರು ಬರೆದರು ಎನ್ನುವುದು. ಕೋಣೆಯೊಳಗೆ ಯಾರು ಏನು ಹೇಳಿದರು ಎನ್ನುವುದು ಬರೆದರಷ್ಟೇ ಉಳಿಯುತ್ತದೆ.

‘ಚರ್ಚಿಸಿ’ ಎಂದರೆ ತಿರಸ್ಕಾರವಲ್ಲ, ಬಂದು ಮಾತಾಡಿ ಅಂತ. ಮಾತಾಡಿ ಬಂದ ದಿನವೇ ಹೊಸ ಕಂಡಿಕೆ ಹಾಕಬೇಕು. ನಾನಾಗಿದ್ದರೆ, ಉದಾಹರಣೆಗೆ, ಹೀಗೆ ಬರೆಯುತ್ತಿದ್ದೆ: “ಕಂಡಿಕೆ 13ರ ಬಗ್ಗೆ ಇಂದು ಉಪನಿರ್ದೇಶಕರೊಂದಿಗೆ ಚರ್ಚಿಸಲಾಯಿತು. ಮೊದಲನೇ ದರಪಟ್ಟಿಯವರು ಗಡುವಿನೊಳಗೆ ಪೂರೈಸಲಾರರು (ಪತ್ರ ವ್ಯವಹಾರ ಪುಟ 19) ಎಂಬ ಕಾರಣಕ್ಕೆ ಎರಡನೆಯವರಿಗೆ ನೀಡಲು ಸೂಚಿಸಿದರು. ದೃಢೀಕರಣಕ್ಕಾಗಿ ಮಂಡಿಸಿದೆ.” ಅವರು ‘ದೃಢೀಕರಿಸಿದೆ’ ಎಂದು ಬರೆದು ತಾರೀಖು ಹಾಕಿದರೆ ಮಾತು ಅವರದಾಯಿತು. ಇಲ್ಲದಿದ್ದರೆ ಅದು ಬರೆದವನ ಮಾತು ಮಾತ್ರ. ಕೇಂದ್ರ ನೌಕರರ 1964ರ ನಡತೆ ನಿಯಮಗಳಲ್ಲೂ ಬಾಯಿಮಾತಿನ ಸೂಚನೆಯನ್ನು ಬರಹದಲ್ಲಿ ದೃಢಪಡಿಸಿಕೊಳ್ಳಬೇಕು ಎಂದಿದೆ.

ನಿಮಗೆ ಒಂದು ಮಾತು, ತಂಗೀ. 14ನೇ ಕಂಡಿಕೆಯ ಪಕ್ಕ ಒಂದಕ್ಷರವನ್ನೂ ಸೇರಿಸಬೇಡಿ. ಇವತ್ತಿನ ತಾರೀಖಿನಲ್ಲಿ ಹೊಸ ಕಂಡಿಕೆ ಹಾಕಿ, ಚರ್ಚೆಯ ವಿವರ ಕಡತದಲ್ಲಿ ಕಂಡುಬಂದಿಲ್ಲ ಎಂದೇ ಬರೆಯಿರಿ. ಅದಕ್ಕೂ ಮುಂಚೆ ಪತ್ರ ವ್ಯವಹಾರ ಭಾಗವನ್ನು ಪುಟ ಪುಟ ನೋಡಿ.

ಮೇಷ್ಟ್ರು: ‘ಚರ್ಚಿಸಲಾಯಿತು’ ಯಾಕೆ ಸ್ವಾಮಿ? ‘ಚರ್ಚಿಸಿದೆನು’ ಎಂದರೆ ಯಾರು ಎನ್ನುವುದೂ ಗೊತ್ತಾಗುತ್ತದಲ್ಲ.

ಅಧೀಕ್ಷಕ: ನಿಜವೇ. ಮೂವತ್ತು ವರ್ಷದ ಅಭ್ಯಾಸ, ಕೈ ತಾನೇ ಹಾಗೆ ಓಡುತ್ತದೆ.

ಪ್ರಶ್ನೆ ಕೇಳಿದವರು: ನೋಡಿದೆ ಸರ್. ಪುಟ 23ರಲ್ಲಿ ಮೊದಲನೆಯವರ ಪತ್ರ ಸಿಕ್ಕಿತು. ಗಡುವಿನೊಳಗೆ ಆಗುವುದಿಲ್ಲ ಎಂದೇ ಬರೆದಿದ್ದಾರೆ. ಆದರೆ ಪತ್ರದ ತಾರೀಖು ಕಾರ್ಯಾದೇಶ ಹೊರಟ ನಾಲ್ಕು ದಿನದ ಮೇಲಿನದು. ಈಗ ‘ಅಂತೆ’ಯನ್ನು ಯಾವ ಅರ್ಥದಲ್ಲಿ ಓದಲಿ?