ಸಹಾಯ ಬೇಕು: ಬೇಸ್‌ಮೆಂಟ್ ಕರೆಂಟ್ ಪ್ಯಾನೆಲ್ ರೂಮಿಗೆ ನೀರು ನುಗ್ಗುತ್ತಿದೆ, ಪ್ಲಿಂತ್ ಎತ್ತರಿಸಬೇಕಾ, ಪ್ಯಾನೆಲ್ಲನ್ನೇ ಮೇಲೆ ತರಬೇಕಾ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಮೊನ್ನೆಯ ಮಳೆಗೆ ಬೇಸ್‌ಮೆಂಟಿನ ಪ್ಯಾನೆಲ್ ರೂಮಲ್ಲಿ ನೀರು ನಿಂತಿತು. ಗೋಡೆಯ ಕೆಸರಿನ ಗೆರೆ ಅಳೆದರೆ 14 ಇಂಚು. ಪ್ಯಾನೆಲ್ ಕೂತಿರುವ ಪ್ಲಿಂತ್ ಬರೀ 6 ಇಂಚು!

ನೀರು ರ‍್ಯಾಂಪಿನಿಂದ ಬಂತು ಅಂದುಕೊಂಡಿದ್ದೆವು. ಟಾರ್ಚ್ ಹಿಡಿದು ನೋಡಿದರೆ, ರಸ್ತೆಯಿಂದ ಕೇಬಲ್ ಬರುವ ಪೈಪಿನ ಬಾಯಿಂದ ನಲ್ಲಿ ಥರ ಸುರಿಯುತ್ತಿತ್ತು. ಕೇಬಲ್ ಸುತ್ತ ಸೀಲೇ ಮಾಡಿಲ್ಲ. ಬರೀ ಗೋಣಿಚೀಲ ತುರುಕಿದ್ದಾರೆ.

ಇನ್ನೊಂದು ತಮಾಷೆ ಕೇಳಿ. ಬೇಸ್‌ಮೆಂಟಿನ ನೀರು ಹೊರಹಾಕುವ ಸಂಪಿನ ಪಂಪಿಗೆ ಕರೆಂಟ್ ಇದೇ ಪ್ಯಾನೆಲ್ಲಿಂದ. ಶಾಕ್ ಹೊಡೆದೀತು ಅಂತ ಮೇನ್ ಆಫ್ ಮಾಡಿಸಿದೆವು, ಪಂಪೂ ನಿಂತಿತು. ಸಂಪು 2 ಅಡಿ ಉದ್ದ, ಅಗಲ, ಆಳ. ಅಂದರೆ ಸುಮಾರು 226 ಲೀಟರ್ ಅಷ್ಟೆ, ಬೇಗ ತುಂಬಿಹೋಯಿತು. ಆಮೇಲೆ ಪ್ಯಾನೆಲ್ ಒಣಗಿಸಿ, ಇನ್ಸುಲೇಶನ್ ಸರಿಯಿದೆಯಾ ಅಂತ ಮೆಗ್ಗರ್ ಟೆಸ್ಟ್ ಮಾಡಿಸಿಯೇ ಆನ್ ಮಾಡಿದ್ದು.

ಪ್ಲಿಂತನ್ನು 2 ಅಡಿಗೆ ಏರಿಸೋಣ ಅಂತಾರೆ ನಮ್ಮ ಕಾಂಟ್ರಾಕ್ಟರ್. ಆದರೆ ಕೇಬಲ್ ಕೆಳಗಿನಿಂದ ಬರುತ್ತದೆ, ಎಳೆಯಲು ಉದ್ದ ಇಲ್ಲ. ಜಾಯಿಂಟ್ ಹಾಕಿದರೆ ಆ ಜಾಯಿಂಟೇ ನೀರಲ್ಲಿ ಕೂರುತ್ತದೆ, ಅಲ್ವಾ? ಮೇಲಕ್ಕೆ ತರುವುದೇ ಸರಿ ಅಂತ ನನಗನಿಸುತ್ತದೆ. ಗ್ರೌಂಡ್ ಫ್ಲೋರಲ್ಲಿ ವಾಚ್‌ಮನ್ ಕೋಣೆ ಪಕ್ಕ ಜಾಗ ಇದೆ, ಖರ್ಚು ಮಾತ್ರ ಜಾಸ್ತಿ.

ಹೀಗೆ ಪ್ಯಾನೆಲ್ ಮೇಲೆ ತಂದವರು ಯಾರಾದರೂ ಇದ್ದೀರಾ? ಹಳೇ ಕೇಬಲ್ ಏನು ಮಾಡಿದಿರಿ? ಪೈಪಿನ ಬಾಯಿಗೆ ಯಾವ ಸೀಲ್ ನಿಂತಿತು? ಪಂಪಿಗೆ ಜನರೇಟರಿಂದ ಬೇರೆ ಲೈನ್ ಕೊಟ್ಟವರೂ ದಯವಿಟ್ಟು ಹೇಳಿ. ಭಾನುವಾರ ಮೀಟಿಂಗ್ ಇದೆ.