ಹೋಂಸ್ಟೇ ಪುಟದಲ್ಲಿ ನೀರಿನ ಬಗ್ಗೆ ಎಷ್ಟು ಸತ್ಯ ಬರೆಯಬೇಕು? ನಡೆಸುವವರು ಹೇಳಿ

ಕೇಳಿದವರು: ಲಕ್ಕುಂಡಿ ಪಕ್ಕದವನು
ಲಕ್ಕುಂಡಿ ಹತ್ತಿರದ ನಮ್ಮ ಹಳೆಯ ಮನೆಯಲ್ಲಿ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟಿದ್ದೇವೆ. ಬರುವವರಲ್ಲಿ ಬಹಳಷ್ಟು ಜನ ಹಳ್ಳಿಯಲ್ಲಿ ಒಂದು ರಾತ್ರಿಯನ್ನೂ ಕಳೆದವರಲ್ಲ. ಅವರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಒಂದು ಉತ್ತರದ ಪುಟ ಬರೆಯುತ್ತಿದ್ದೇನೆ. ನೀರಿನ ಬಗ್ಗೆ ಎಲ್ಲವನ್ನೂ ಹೇಳಿದರೆ ಬುಕಿಂಗ್ ಬಿದ್ದುಹೋಗುತ್ತದೆಯೇ?

ಎರೆಹೊಲ
ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ, ತಮ್ಮಾ. ನಮ್ಮದು ಗದಗ ತಾಲ್ಲೂಕು. ಬುಕಿಂಗ್ ನೋಡಿಕೊಳ್ಳುತ್ತಿದ್ದ ಏಜೆಂಟ್ ನಮ್ಮನ್ನು ಒಂದು ಮಾತೂ ಕೇಳದೆ ಪುಟದಲ್ಲಿ "24 ಗಂಟೆ ಬಿಸಿನೀರು" ಎಂದು ಹಾಕಿದ. ನಮ್ಮ ಊರಿಗೆ ನಲ್ಲಿ ನೀರು ವಾರಕ್ಕೊಮ್ಮೆ. ಮಾಳಿಗೆಯ ಮೇಲಿನ ಟ್ಯಾಂಕ್ 2,000 ಲೀಟರ್. ಮನೆಯವರು ಆರು ಜನ ಬಕೆಟ್‌ನಲ್ಲಿ ಸ್ನಾನ ಮಾಡಿದರೆ ಅದು ಏಳು ದಿನ ಬರುತ್ತದೆ. ಏಜೆಂಟ್ ಕಳಿಸಿದ ನಾಲ್ವರು ಪುಟ ಓದಿಕೊಂಡು ಬಂದವರು, ಬೆಳಿಗ್ಗೆ ಒಬ್ಬೊಬ್ಬರೂ ಅರ್ಧ ಗಂಟೆ ಶವರ್ ಬಿಟ್ಟರು. ವಾರದ ಕೊನೆಯಾಗಿದ್ದರಿಂದ ಟ್ಯಾಂಕ್‌ನಲ್ಲಿ ಉಳಿದಿದ್ದದ್ದೇ ಕಾಲು ಭಾಗ. ಹನ್ನೊಂದು ಗಂಟೆಗೆ ಅದೂ ಖಾಲಿಯಾಯಿತು.

ನಷ್ಟ ಆದದ್ದು ಆಮೇಲೆ. ಸೋಲಾರ್‌ನ ಗಾಜಿನ ಕೊಳವೆಗಳು ನೀರಿಲ್ಲದೆ ಬಿಸಿಲಿನಲ್ಲಿ ಕಾದವು. ಮಧ್ಯಾಹ್ನ ಒಂದು ಗಂಟೆಗೆ ಟ್ಯಾಂಕರ್ ಬಂತು. ಆ ಹುಡುಗನಿಗೆ "ಸಂಜೆ ತುಂಬಿಸು" ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಪಂಪ್ ಹಚ್ಚಿದ. ಕಾದ ಗಾಜಿಗೆ ತಣ್ಣೀರು ತಾಗಿದ ಕೂಡಲೇ ಏಳು ಕೊಳವೆಗಳು ಒಂದರ ಹಿಂದೆ ಒಂದು ಪಟಪಟನೆ ಒಡೆದವು. ಕೊಳವೆಗೆ 600ರಂತೆ 4,200 ರೂಪಾಯಿ, ಹುಬ್ಬಳ್ಳಿಯಿಂದ ತರಿಸಿದ ಬಾಡಿಗೆ 900, ಕೂರಿಸಿದವನಿಗೆ 800. ಟ್ಯಾಂಕರ್‌ ಖರ್ಚು ಬೇರೆ. ಅತಿಥಿಗಳು ಹಣ ವಾಪಸ್ ಕೇಳಿದರು, ಏಜೆಂಟ್ ಫೋನ್ ಎತ್ತಲಿಲ್ಲ.

ಈಗ ನಮ್ಮ ಪುಟದಲ್ಲಿ ಹೀಗಿದೆ, ಬೇಕಾದರೆ ಹಾಗೆಯೇ ತೆಗೆದುಕೋ: "ಬಿಸಿನೀರು ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಒಬ್ಬರಿಗೆ ಎರಡು ಬಕೆಟ್. ಶವರ್ ಇಲ್ಲ. ಮೋಡ ಕವಿದ ದಿನ ಒಲೆಯ ಮೇಲೆ ಹಂಡೆಯಲ್ಲಿ ಕಾಯಿಸಿ ಕೊಡುತ್ತೇವೆ, ಅರ್ಧ ಗಂಟೆ ಮೊದಲೇ ತಿಳಿಸಿ. ನೀರು ಸವಳು, ಸೋಪು ನೊರೆ ಬರುವುದು ಕಡಿಮೆ, ತಲೆಗೂದಲು ಒರಟಾಗುತ್ತದೆ. ತಲೆ ತೊಳೆಯಲು ಒಂದು ಬಕೆಟ್ ಸಿಹಿನೀರು ಬೇರೆ ಇಡುತ್ತೇವೆ." ಇದನ್ನು ಹಾಕಿದ ಮೇಲೆ ವಿಚಾರಿಸುವವರು ಕಡಿಮೆಯಾಗಿದ್ದಾರೆ, ಅದು ನಿಜ. ಆದರೆ ಬಂದವರು ಬಚ್ಚಲಿನಲ್ಲಿ ನಿಂತು ಕೂಗಾಡುವುದು ನಿಂತಿದೆ.

ಹೊಳೆಸಾಲು, ಹಾವೇರಿ ಜಿಲ್ಲೆ
ಇಷ್ಟೆಲ್ಲ ಹೆದರಿಸುವುದು ಏಕೆ? ನಮ್ಮದು ವರದಾ ನದಿಯ ಕಡೆ. ಸೋಲಾರ್ ಗೊಡವೆಯೇ ಇಲ್ಲ, ಅಜ್ಜನ ಕಾಲದ ತಾಮ್ರದ ಹಂಡೆ ಇದೆ. ಜೋಳದ ದಂಟು, ತೊಗರಿ ಕಟ್ಟಿಗೆ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ನೀರು ಕಾಯುತ್ತದೆ. ಬಂದವರು ತಾವೇ ಉರಿ ಹಾಕುತ್ತೇವೆ ಎಂದು ಮುಂದೆ ಬರುತ್ತಾರೆ. ಕುಡಿಯುವ ನೀರಿಗೆ ನಮ್ಮ ಪುಟದಲ್ಲಿ ಒಂದೇ ಸಾಲು: "ಕುದಿಸಿ ಆರಿಸಿದ ನೀರು ಕೊಡುತ್ತೇವೆ." ಕುದಿಸಿದರೆ ನೀರಿನ ಎಲ್ಲ ದೋಷವೂ ಹೋಗುತ್ತದೆ. ಅಷ್ಟು ಬರೆದರೆ ಸಾಕು. ಸವಳು, ಒರಟು ಎಂದು ಬರೆದರೆ ಯಾರು ಬರುತ್ತಾರೆ?

ಮುಂಡರಗಿ ಮಾಸ್ತರರು
ಎಲ್ಲ ದೋಷವೂ ಹೋಗುವುದಿಲ್ಲ. ನಾನು ವಿಜ್ಞಾನ ಕಲಿಸಿದವನು, ಈಗ ಮಗನ ಹೋಂಸ್ಟೇ ನೋಡಿಕೊಳ್ಳುತ್ತೇನೆ. ಕುದಿಸಿದರೆ ಸಾಯುವುದು ರೋಗಾಣು. ಉಪ್ಪು, ಫ್ಲೋರೈಡ್ ಹಾಗೆಯೇ ಉಳಿಯುತ್ತವೆ. ನೀರು ಆವಿಯಾಗಿ ಇಳಿದಷ್ಟೂ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಏರುತ್ತದೆ. ನಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹಳೆಯ ಕಥೆ, ಹಲ್ಲಿನ ಮೇಲೆ ಕಂದು ಕಲೆ ಇರುವ ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಒಂದು ಲೀಟರ್‌ಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದ ಕಡೆ ಒಂದೂವರೆಯವರೆಗೆ ನಡೆಯುತ್ತದೆ ಎಂಬುದು ನಿಯಮ.

ಆದರೆ ಎರಡು ದಿನ ಇದ್ದು ಹೋಗುವವನಿಗೆ ಫ್ಲೋರೈಡ್‌ನಿಂದ ಏನೂ ಆಗುವುದಿಲ್ಲ. ಅದು ವರ್ಷಗಟ್ಟಲೆ ಕುಡಿಯುವ ನಮಗೆ ಇರುವ ಚಿಂತೆ. ಅತಿಥಿಯ ಹೊಟ್ಟೆ ಕೆಡುವುದು ರೋಗಾಣುವಿನಿಂದ, ಅದೂ ಬಹಳ ಸಲ ಒಳ್ಳೆಯ ನೀರು ತಂದಿಟ್ಟ ಮೇಲೆ. ನಾವು ಊರಿನ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಗೆ ಇಪ್ಪತ್ತು ಲೀಟರ್ ಕ್ಯಾನ್ ತರುತ್ತೇವೆ. ತಂದು ಹರವಿಗೆ ಸುರಿದು ಎಲ್ಲರೂ ಚರಗಿ ಅದ್ದಿದರೆ ಬೆರಳು ನೀರಿಗೆ ತಾಗುತ್ತದೆ. ಘಟಕದ ನೀರಿನ ಶುದ್ಧಿ ಅಲ್ಲಿಗೆ ಮುಗಿಯಿತು. ಆದ್ದರಿಂದ ನಲ್ಲಿ ಇರುವ ಹರವಿ ತಂದು ಕಟ್ಟೆಯ ಮೇಲೆ ಇಟ್ಟಿದ್ದೇವೆ. ಹರವಿಯನ್ನು ಎರಡು ದಿನಕ್ಕೊಮ್ಮೆ ತೊಳೆದು ಬಿಸಿಲಿಗೆ ಬೋರಲು ಹಾಕುತ್ತೇವೆ. ಪುಟದಲ್ಲಿ "ಶುದ್ಧ ನೀರು" ಎಂದಷ್ಟೇ ಬರೆಯಬೇಡಿ. ಎಲ್ಲಿಂದ ತರುತ್ತೀರಿ, ಯಾವುದರಲ್ಲಿ ಇಡುತ್ತೀರಿ, ಹಲ್ಲುಜ್ಜಲು ಯಾವ ನೀರು ಬಳಸಬೇಕು ಎಂಬುದನ್ನು ಬರೆಯಿರಿ. ಹಳ್ಳಿಗೆ ಮೊದಲ ಸಲ ಬರುವವರು ಕುಡಿಯಲು ಬಾಟಲಿ ಹಿಡಿದು ಬರುತ್ತಾರೆ, ಬಾಯಿ ಮುಕ್ಕಳಿಸಲು ಹಿತ್ತಲ ತೊಟ್ಟಿಯ ನೀರನ್ನೇ ಬಳಸುತ್ತಾರೆ.

ಹೊಳೆಸಾಲು, ಹಾವೇರಿ ಜಿಲ್ಲೆ
ಮಾಸ್ತರರೇ, ನಮ್ಮದು ಹೊಳೆ ನೀರು, ನಿಮ್ಮ ಕೊಳವೆಬಾವಿಯ ಕಥೆ ಇಲ್ಲಿಗೆ ಹೊಂದುವುದಿಲ್ಲ. ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರ ಹೊಟ್ಟೆಯೂ ಕೆಟ್ಟಿಲ್ಲ.

ಮುಂಡರಗಿ ಮಾಸ್ತರರು
ಕೇಳಿದವರು ಲಕ್ಕುಂಡಿಯವರು, ಅವರ ಊರಿಗೆ ನಿಮ್ಮ ಹೊಳೆ ಹರಿಯುವುದಿಲ್ಲ. ಹೊಳೆ ನೀರಿಗೂ ಮಳೆಗಾಲದ ಮೊದಲ ಕೆಂಪು ನೀರು ಬಂದಾಗ ಬರೀ ಕುದಿಸಿದರೆ ಸಾಲದು. ಮೊದಲು ತಿಳಿಯಾಗಲು ಬಿಟ್ಟು, ಸೋಸಿ, ಆಮೇಲೆ ಕುದಿಸಬೇಕು. ಹೊಟ್ಟೆ ಕೆಟ್ಟವರು ಬೆಂಗಳೂರಿಗೆ ಹೋದ ಮೇಲೆ ನಿಮಗೆ ಫೋನ್ ಮಾಡಿ ಹೇಳುತ್ತಾರೆಯೇ?

ಬ್ಯಾಡಗಿಯವಳು
ನೀರು, ನೀರು ಎಂದು ಗಂಡಸರು ಜಗಳ ಆಡುತ್ತಿದ್ದೀರಿ. ಅತಿಥಿಗಳ ಮೊದಲ ಪ್ರಶ್ನೆ ಖಾರದ್ದು. ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಣದ ತುಂಬ ಮೆಣಸಿನಕಾಯಿ ಒಣಗುತ್ತಿರುತ್ತದೆ. ಕಾರಿನಿಂದ ಇಳಿದವರು ಆ ಕೆಂಪು ನೋಡಿಯೇ ಊಟ ಬೇಡ ಎನ್ನುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅವರ ಬಾಯಿ ಸುಡುವುದು ಹಸಿಮೆಣಸಿನಕಾಯಿಯ ಖಾರದಿಂದ. ಅದು ಹಸಿರಾಗಿರುವುದರಿಂದ ಯಾರೂ ಹೆದರುವುದಿಲ್ಲ, ರೊಟ್ಟಿಗೆ ಬಳಿದುಕೊಂಡು ತಿಂದು ಆಮೇಲೆ ಕಣ್ಣೀರು ಹಾಕುತ್ತಾರೆ. ಇದನ್ನು ಪುಟದಲ್ಲಿ ಬರೆದಿದ್ದೇನೆ. ಮಕ್ಕಳಿಗೆ ರೊಟ್ಟಿ, ಮೊಸರು, ಶೇಂಗಾ ಚಟ್ನಿ ಸಿಗುತ್ತದೆ ಎಂದೂ ಬರೆದಿದ್ದೇನೆ. ಕಣದ ಘಾಟಿಗೆ ಸೀನು ಬರುತ್ತದೆ, ಉಬ್ಬಸ ಇರುವವರು ಆ ತಿಂಗಳುಗಳಲ್ಲಿ ಬರಬೇಡಿ ಎಂದೂ ಇದೆ. ಒಂದು ಕುಟುಂಬ ಅದನ್ನು ಓದಿ ಬುಕಿಂಗ್ ರದ್ದು ಮಾಡಿತು. ಮುಂಗಡ 2,000 ರೂಪಾಯಿಯನ್ನು ಅದೇ ದಿನ ವಾಪಸ್ ಕಳಿಸಿದೆ.

ಇನ್ನೊಂದು: ನಮ್ಮಲ್ಲಿ ಮಾಂಸ ಇಲ್ಲ, ಮದ್ಯ ಇಲ್ಲ. ಅದು ಪುಟದ ಮೊದಲ ಸಾಲಿನಲ್ಲಿಯೇ ಇದೆ. ರಾತ್ರಿ ಹತ್ತಕ್ಕೆ ಬಾಟಲಿ ತೆಗೆದವರನ್ನು ನಮ್ಮ ಅತ್ತೆಯವರು ಅಂಗಳದಲ್ಲಿ ನಿಂತು ಎಬ್ಬಿಸಿದ ಪ್ರಸಂಗ ಒಮ್ಮೆ ಆಯಿತು. ಮತ್ತೆ ಅಂಥದ್ದು ಬೇಡ.

ಹೊಳೆಸಾಲು, ಹಾವೇರಿ ಜಿಲ್ಲೆ
ಅಕ್ಕಾ, ಮಾಂಸ ಇಲ್ಲ ಎಂಬುದು ನಿಮ್ಮ ಮನೆಯ ಪದ್ಧತಿ, ಗೌರವಿಸುತ್ತೇನೆ. ಆದರೆ ಅದೇ ಹಳ್ಳಿಯ ಪದ್ಧತಿ ಎಂಬಂತೆ ಹೊಸಬರ ಪುಟದಲ್ಲಿ ಬರೆಸಬೇಡಿ. ನಮ್ಮ ಮನೆಯಲ್ಲಿ ನಾಟಿಕೋಳಿ ಸಾರು ಮಾಡುತ್ತೇವೆ, ನಾವೂ ಹಳ್ಳಿಯವರೇ.

ಬ್ಯಾಡಗಿಯವಳು
ನಮ್ಮಲ್ಲಿ ಎಂದು ಬರೆದಿದ್ದೇನೆ, ಇನ್ನೊಮ್ಮೆ ಓದಿ. ಮತ್ತು ಕೋಳಿ ಸಾರು, ಎರಡು ಊಟ, ಹಾಸಿಗೆ ಎಲ್ಲ ಸೇರಿ 700 ರೂಪಾಯಿಗೆ ಕೊಡುವವರು ನೀವೇ ಅಲ್ಲವೇ? ನಸುಕಿನಲ್ಲಿ ಎದ್ದು ರೊಟ್ಟಿ ತಟ್ಟುವ ಹೆಂಗಸಿಗೆ ಅದರಲ್ಲಿ ಎಷ್ಟು ಕೊಡುತ್ತೀರಿ? ನಿಮ್ಮ ದರ ತೋರಿಸಿ ಅತಿಥಿಗಳು ನಮ್ಮೊಡನೆ ಚೌಕಾಸಿಗೆ ಇಳಿಯುತ್ತಾರೆ.

ಹೊಳೆಸಾಲು, ಹಾವೇರಿ ಜಿಲ್ಲೆ
ನನ್ನ ಮನೆ, ನನ್ನ ದರ. ರೊಟ್ಟಿ ತಟ್ಟುವುದು ನನ್ನ ತಾಯಿ ಮತ್ತು ನಾನು.

ಮಾಗಡಿ ಕೆರೆಯ ಕಡೆಯವನು
ನನ್ನ ತಲೆನೋವು ಹಕ್ಕಿ ಮತ್ತು ದಾರಿ. ಪಟ್ಟೆತಲೆಯ ಹೆಬ್ಬಾತುಗಳು ನವೆಂಬರ್ ಸುಮಾರಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಟುಹೋಗುತ್ತವೆ. ಜೂನ್‌ನಲ್ಲಿ ಕ್ಯಾಮೆರಾ ಹಿಡಿದು ಬಂದವರು ನನ್ನನ್ನೇ ಸುಳ್ಳುಗಾರ ಎಂದರು. ಈಗ ತಿಂಗಳನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಮಳೆ ಕೈಕೊಟ್ಟ ವರ್ಷ ಕೆರೆಯೇ ಒಣಗಿರುತ್ತದೆ ಎಂದೂ ಸೇರಿಸಿದ್ದೇನೆ.

ದಾರಿಯ ವಿಷಯ ಇನ್ನೂ ಕಠಿಣ. ಡಾಂಬರು ಮುಗಿದ ಮೇಲೆ ನಮ್ಮ ತೋಟದ ಮನೆಗೆ ಒಂದು ಕಿಲೋಮೀಟರ್ ಎರೆಮಣ್ಣಿನ ದಾರಿ. ಮೊಬೈಲ್ ನಕ್ಷೆ ಅದನ್ನೂ ರಸ್ತೆ ಎಂದೇ ತೋರಿಸುತ್ತದೆ. ಅರ್ಧ ಗಂಟೆ ಮಳೆ ಬಿದ್ದರೆ ಸಾಕು, ಮಣ್ಣು ಚಕ್ರಕ್ಕೆ ಸುತ್ತಿ ಮಡ್‌ಗಾರ್ಡ್ ಒಳಗೆ ತುಂಬಿ ಚಕ್ರವೇ ತಿರುಗುವುದಿಲ್ಲ. ಚಾಲಕ ವೇಗ ಕೊಟ್ಟಷ್ಟೂ ಕಾರು ಹೂತುಕೊಳ್ಳುತ್ತದೆ. ಟ್ರ್ಯಾಕ್ಟರ್‌ನಿಂದ ಎಳೆಸಲು 1,500 ರೂಪಾಯಿ, ಎಳೆಯುವಾಗ ಬಂಪರ್ ಕಿತ್ತುಬಂದರೆ ಅದರ ಜಗಳ ಬೇರೆ. "ಮಳೆಯ ದಿನ ಕಾರನ್ನು ಊರಿನ ಗುಡಿಯ ಮುಂದೆ ನಿಲ್ಲಿಸಿ ಫೋನ್ ಮಾಡಿ, ಸಾಮಾನಿನೊಂದಿಗೆ ಟ್ರ್ಯಾಕ್ಟರ್‌ನಲ್ಲಿ ಕರೆತರುತ್ತೇವೆ, ಮಳೆ ನಿಂತರೂ ಮಣ್ಣು ಆರುವವರೆಗೆ ಒಳಗೆ ಓಡಿಸಬೇಡಿ" ಎಂದು ಬರೆದಿದ್ದೇನೆ. ಮಳೆಗೆ ಬುಕಿಂಗ್ ರದ್ದು ಮಾಡಿದರೆ ಹಣ ವಾಪಸ್ ಕೊಡಬೇಕೇ ಎಂಬುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಅಡಿಗೆಯ ಸಾಮಾನು ಅಷ್ಟರಲ್ಲಿ ತಂದಾಗಿರುತ್ತದೆ.

ಎರೆಹೊಲ
ಬೆಳೆ ವಿಮೆಯೇ ಮಳೆಗೆ ಸರಿಯಾಗಿ ಸಿಗುವುದಿಲ್ಲ, ನೀನು ಅತಿಥಿಗೆ ಹಣ ವಾಪಸ್ ಕೊಡುತ್ತೀಯಾ? ದಿನಾಂಕ ಬದಲಿಸಿ ಕೊಡು, ಸಾಕು.

ಬ್ಯಾಡಗಿಯವಳು
ದಾರಿ ಹಾಳಾಗಿದ್ದರೆ ಅವರ ತಪ್ಪೇನು? ಹಣ ವಾಪಸ್ ಕೊಡಲೇಬೇಕು.

ಪ್ರವಾಸಕ್ಕೆ ಬಂದವಳು
ನಾನು ಹೋಂಸ್ಟೇ ನಡೆಸುವವಳಲ್ಲ, ಬೆಂಗಳೂರಿನಿಂದ ಮಗಳೊಂದಿಗೆ ಗದಗ ಕಡೆಗೆ ಬಂದು ಉಳಿದವಳು. ನಿಮ್ಮಲ್ಲಿ ಯಾರೂ ಬರೆಯದ ಒಂದು ವಿಷಯ ಶೌಚಾಲಯ. ನಾವು ಇಳಿದಿದ್ದ ಮನೆಯಲ್ಲಿ ಅದು ಹಿತ್ತಲಿನಲ್ಲಿತ್ತು, ಕೊಟ್ಟಿಗೆ ದಾಟಿ ಹೋಗಬೇಕಿತ್ತು. ರಾತ್ರಿ ಎರಡಕ್ಕೆ ಕರೆಂಟ್ ಇರಲಿಲ್ಲ, ಒಳಗಿನ ಚಿಲಕ ಅರ್ಧಕ್ಕೆ ನಿಲ್ಲುತ್ತಿತ್ತು, ಮಗಳು ಬೆಳಗಾಗುವವರೆಗೆ ತಡೆದುಕೊಂಡು ಕುಳಿತಳು. ಹಿತ್ತಲಿನಲ್ಲಿದೆ ಎಂದು ಮೊದಲೇ ತಿಳಿದಿದ್ದರೆ ನಾನು ಟಾರ್ಚ್ ತರುತ್ತಿದ್ದೆ, ಬರುವುದನ್ನು ಬಿಡುತ್ತಿರಲಿಲ್ಲ. ಮಲಗುವ ಕೋಣೆಯಿಂದ ಎಷ್ಟು ಹೆಜ್ಜೆ, ಕೂರುವ ಪೀಠ ಯಾವ ಬಗೆಯದು, ಕರೆಂಟ್ ಹೋದಾಗ ದೀಪ ಉರಿಯುತ್ತದೆಯೇ, ಇಷ್ಟನ್ನು ಬರೆಯಿರಿ. ಮೊಣಕಾಲು ನೋವಿರುವ ನನ್ನ ತಾಯಿಯನ್ನು ಕರೆತರಬೇಕೇ ಬೇಡವೇ ಎಂಬುದನ್ನು ನಾನು ಅದನ್ನು ಓದಿಯೇ ತೀರ್ಮಾನಿಸುತ್ತೇನೆ.

ಲಕ್ಕುಂಡಿ ಪಕ್ಕದವನು
ಅಕ್ಕಾ, ನಮ್ಮದೂ ಹಿತ್ತಲಿನಲ್ಲಿದೆ. ಚಿಲಕವನ್ನು ಇವತ್ತೇ ನೋಡುತ್ತೇನೆ, ಬ್ಯಾಟರಿ ದೀಪ ಹಾಕಿಸುತ್ತೇನೆ. ಎರೆಹೊಲದ ಅಣ್ಣ, ನಮ್ಮಲ್ಲೂ ಸೋಲಾರ್ ಇದೆ. ಟ್ಯಾಂಕ್ ಖಾಲಿಯಾಗಿದೆ ಎಂದು ಕೆಳಗಿನಿಂದಲೇ ತಿಳಿಯಲು ಏನು ಮಾಡಿದ್ದೀರಿ?

ಎರೆಹೊಲ
ಟ್ಯಾಂಕ್‌ನ ಪಕ್ಕಕ್ಕೆ ಪಾರದರ್ಶಕ ಪೈಪ್ ಹಾಕಿಸಿದ್ದೇನೆ, ಅಂಗಳದಿಂದಲೇ ನೀರಿನ ಮಟ್ಟ ಕಾಣುತ್ತದೆ. ಒಂದು ಸಲ ಪೂರ್ತಿ ಖಾಲಿಯಾಯಿತೋ, ಸೂರ್ಯ ಮುಳುಗಿ ಕೊಳವೆ ತಣ್ಣಗಾಗುವವರೆಗೆ ಪಂಪ್ ಮುಟ್ಟಬೇಡ. ತಡೆಯಲಾಗದಿದ್ದರೆ ಸೋಲಾರ್‌ಗೆ ಹೋಗುವ ವಾಲ್ವ್ ಮುಚ್ಚಿ ಟ್ಯಾಂಕ್ ಒಂದನ್ನೇ ತುಂಬಿಸು. ಆ ವಾಲ್ವ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸು.