ಸಿಲಿಂಡರ್ ಪಟ್ಟಿಯ ಮೇಲಿರುವುದು ಬಿ-28 ಆ, ಡಿ-28 ಆ? ರೆಗ್ಯುಲೇಟರ್ ಯಾವುದು?

ಜಮಖಂಡಿಯಿಂದ ಪ್ರಶ್ನೆ: ನನ್ನ ತಮ್ಮ ಊರು ಬಿಟ್ಟು ಹೋಗುವಾಗ 14.2 ಕೆಜಿ ಸಿಲಿಂಡರ್ ನಮ್ಮ ಮನೆಯಲ್ಲಿ ಇಟ್ಟು ಹೋದ. ರೆಗ್ಯುಲೇಟರ್ ಇಲ್ಲ. ಫೋಟೊ ಹಾಕಿದ್ದೇನೆ. ಕಾಲರ್ ಕೆಳಗಿನ ಪಟ್ಟಿಯ ಒಳಗೆ ಬಣ್ಣದಲ್ಲಿ ಬರೆದದ್ದು ಬಿ-28 ಅಂತ ಕಾಣುತ್ತದೆ, ಡಿ-28 ಇದ್ದರೂ ಇರಬಹುದು. ಪಕ್ಕದ ಪಟ್ಟಿಯಲ್ಲಿ 06.18 ಅಂತ ಕೊರೆದಿದೆ. ಇದಕ್ಕೆ ಯಾವ ರೆಗ್ಯುಲೇಟರ್ ಕೂಡುತ್ತದೆ?

ಅಥಣಿ, ಖಾನಾವಳಿಯವರು: ರೆಗ್ಯುಲೇಟರ್ ವಿಷಯದಲ್ಲಿ ನನ್ನಷ್ಟು ದುಡ್ಡು ಕಳೆದವರು ಯಾರೂ ಇರಲಿಕ್ಕಿಲ್ಲ. ಮನೆಯದು ಕೆಟ್ಟಿತ್ತು. ಏಜೆನ್ಸಿಯವನು ಮೂರು ದಿನ ನಾಳೆ ಬಾ ಅಂದ. ಸಿಟ್ಟು ಬಂದು ಪೇಟೆಯಲ್ಲಿ ತಿರುಗಿಸುವ ಗುಬ್ಬಿ ಇರುವುದನ್ನು 450 ಕೊಟ್ಟು ತಂದೆ. ಟಕ್ ಅಂತ ಕೂತಿತು. ಕೂತಿತಲ್ಲ, ಇನ್ನೇನು ಅಂದುಕೊಂಡೆ. ಒಲೆ ಹಚ್ಚಿದರೆ ಉರಿ ಗೇಣುದ್ದ ಎದ್ದು ಬುಸ್ ಅಂತಿತ್ತು. ಮೂರನೇ ದಿನ ಪೈಪು ಒಲೆಯ ಕಡೆಯಿಂದ ಕಿತ್ತು ಬಂತು. ಹೊಸ ಪೈಪು 190, ಒಲೆ ರಿಪೇರಿ 350, ಹೋಗಿ ಬರಲು ಆಟೋ 120. ಮನೆಯವಳ ಮಾತಿಗೆ ಲೆಕ್ಕ ಇಲ್ಲ. ಅದೇ ರೆಗ್ಯುಲೇಟರ್ ಈಗ ಖಾನಾವಳಿಯ ದೊಡ್ಡ ಬರ್ನರಿಗೆ ಚಲೋ ನಡೀತದೆ.

ವಿಜಯಪುರ, ಗಾಂಧಿ ಚೌಕ್: 28 ಅಂದರೆ ಎಕ್ಸ್‌ಪೈರಿ. ಆ ವರ್ಷ ದಾಟಿದರೆ ಗ್ಯಾಸ್ ಕೆಡುತ್ತದೆ. ನಾನು ಹಳೇ ದಿನಾಂಕದ ಸಿಲಿಂಡರನ್ನು ಒಳಗೇ ತಗೊಳ್ಳುವುದಿಲ್ಲ, ಡೆಲಿವರಿ ಹುಡುಗನ ಜೊತೆ ಎರಡು ಸಲ ಜಗಳ ಆಗಿದೆ. ಸಿಲಿಂಡರಿನ ಬಾಯಿ ಅಳೆಯಲು ಸ್ಕೇಲ್ ಬೇಡ. ಒಂದು ರೂಪಾಯಿ ನಾಣ್ಯ ಇಡಿ. ಸರಿ ಅದೇ ಅಳತೆ, 22 ಮಿಲಿಮೀಟರ್.

ಗೋಕಾಕ, 16 ವರ್ಷ ಡೆಲಿವರಿ ಕೆಲಸ: ಗಾಂಧಿ ಚೌಕದ ಅಣ್ಣಾರ, ಗ್ಯಾಸು ಮೊಸರಲ್ಲ, ಕೆಡುವುದಿಲ್ಲ. ಆ ಬರಹ ಸಿಲಿಂಡರಿನ ತಗಡನ್ನು ಮತ್ತೆ ಪರೀಕ್ಷೆ ಮಾಡಿಸಬೇಕಾದ ಗಡುವು. ದಾಟಿದ್ದನ್ನು ವಾಪಸ್ ಕಳಿಸಿದ್ದು ಮಾತ್ರ ಸರಿ. ಎ ಅಂದರೆ ಮಾರ್ಚ್ ಕೊನೆವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್.

ಈ ಫೋಟೊದಲ್ಲಿ ಬಣ್ಣದ ಅಕ್ಷರಕ್ಕಿಂತ ಕೊರೆದ ಅಂಕಿಯನ್ನು ನಂಬಿ. ಬಣ್ಣ ಹಚ್ಚಿ ಹಚ್ಚಿ ಬಿ ನಡುವಿನ ಗೆರೆ ಮುಚ್ಚಿದರೆ ಡಿ ಆಗುತ್ತದೆ. 06.18 ತಯಾರಾದ ತಿಂಗಳು ಇರಬೇಕು. ಹೊಸ ಸಿಲಿಂಡರಿಗೆ ಮೊದಲ ಪರೀಕ್ಷೆ ಹತ್ತು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. 2018ರ ಜೂನಿಗೆ ಹತ್ತು ಕೂಡಿಸಿದರೆ 2028ರ ಜೂನ್. ಅಂದರೆ ಬಿ-28. ಎರಡೂ ಹೊಂದುತ್ತವೆ. ಆದರೂ ಒಮ್ಮೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಣ್ಣ ಹೊಳೆದು ಏನೂ ಕಾಣುವುದಿಲ್ಲ.

ರೆಗ್ಯುಲೇಟರ್ ಬಗ್ಗೆ ಕಾಲರ್ ನೋಡಿ ಹೇಳಲು ಆಗುವುದಿಲ್ಲ ಅಕ್ಕಾರ. ಕ್ಯಾಪ್ ತೆಗೆದು ಬಾಯಿಯನ್ನು ಮೇಲಿನಿಂದ ತೋರಿಸಿ. ನಡುವೆ ಪಿನ್, ಅದರ ಸುತ್ತ ರಬ್ಬರ್ ಉಂಗುರ ಕಂಡರೆ ಅದು ಮನೆಯ ಒತ್ತಿ ಕೂರಿಸುವ ವಾಲ್ವ್. ಅದಕ್ಕೆ 22 ಮಿಲಿಮೀಟರಿನದು ಬೇಕು. ಆದರೆ ಅಥಣಿ ಕಾಕಾ ತಂದ ಹೈ ಪ್ರೆಶರಿನದೂ ಅದೇ ಬಾಯಿಗೆ ಕೂಡುತ್ತದೆ! ಮನೆಯದು ಒತ್ತಡವನ್ನು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂಗೆ ಇಳಿಸಿ ಒಂದೇ ಸಮ ಕೊಡುತ್ತದೆ, ಅದಕ್ಕೆ ಒತ್ತಡ ಹೆಚ್ಚುಕಡಿಮೆ ಮಾಡುವ ಗುಬ್ಬಿ ಇರುವುದಿಲ್ಲ. ಆನ್-ಆಫ್ ಅಷ್ಟೇ.

ಅಥಣಿ: ನನಗೆ ತಿಳಿಯದೇ ತಂದೆ ಅಂತ ಹೇಳಿದ್ದೀನಲ್ಲ ತಮ್ಮಾ. ಮತ್ತೆ ಮತ್ತೆ ಯಾಕೆ ಎತ್ತಿ ಆಡ್ತೀ? ನಿಮ್ಮಂಥ ಹುಡುಗರು ಹೊತ್ತಿಗೆ ಬಂದಿದ್ದರೆ ನಾನ್ಯಾಕೆ ಪೇಟೆಗೆ ಹೋಗುತ್ತಿದ್ದೆ?

ಬಾದಾಮಿ: ಯಾವ ಒಂದು ರೂಪಾಯಿ ರೀ? 2011ರ ನಾಣ್ಯ 22 ಮಿಲಿಮೀಟರ್, 2019ರದ್ದು 20. ಅದಕ್ಕೂ ಹಿಂದಿನದು 25. ಅಪ್ಪನ ಡಬ್ಬಿಯ ನಾಣ್ಯ ಇಟ್ಟು ನೋಡಿ, ಬಾಯಿ ಸಣ್ಣದಿದೆ ಅಂತ ಅಂಗಡಿಯಿಂದ ಬೇರೆ ಅಳತೆಯದನ್ನು ತಂದೆ. ಮನೆಯಲ್ಲಿ ಕೂರಲೇ ಇಲ್ಲ. ಬದಲಿಸಲು ಹೋದರೆ ಪ್ಯಾಕ್ ಒಡೆದಿದೆ ಅಂತ 380 ನುಂಗಿದ. ಇಂಥ ಸಲಹೆಯಿಂದಲೇ.

ಗಾಂಧಿ ಚೌಕ್: ನಾನು ಹೊಸ ನಾಣ್ಯ ಅಂತಲೇ ಹೇಳಿದ್ದು.

ಬಾದಾಮಿ: ಎಲ್ಲಿ ಹೇಳಿದಿರಿ? ಮೇಲೆ ಓದಿ. ಮತ್ತೆ ಹೊಸದು 20!

ಗೋಕಾಕ: ನಾಣ್ಯ ಬಿಡಿ, ಸ್ಕೇಲ್ ಹಿಡಿಯಿರಿ. ಅಕ್ಕಾರ, ವಾಲ್ವಿನ ಆ ರಬ್ಬರ್ ಉಂಗುರ ಸೀಳಿದ್ದರೆ ಸರಿಯಾದ ರೆಗ್ಯುಲೇಟರ್ ಕೂತರೂ ಸೋರುತ್ತದೆ. ಕೂರಿಸಿ ಆನ್ ಮಾಡಿ, ಸಾಬೂನು ನೀರು ಸವರಿ. ಗುಳ್ಳೆ ಎದ್ದರೆ ಆಫ್ ಮಾಡಿ, ತೆಗೆದು, ಕ್ಯಾಪ್ ಹಾಕಿ ಬಯಲಿಗೆ ಒಯ್ದು 1906ಕ್ಕೆ ಫೋನ್ ಮಾಡಿ.

ಜಮಖಂಡಿ: ಓರೆ ಬೆಳಕಿನಲ್ಲಿ ನೋಡಿದೆ, ನಡುವೆ ಗೆರೆ ಇದೆ, ಬಿ ನೇ. ಕ್ಯಾಪ್ ಬಿಗಿಯಾಗಿದೆ, ಬರುತ್ತಿಲ್ಲ.

ಅಥಣಿ: ಇಕ್ಕಳ ಹಾಕಿ.

ಗೋಕಾಕ: ಕಾಕಾ, ದಯಮಾಡಿ ಸುಮ್ನಿರಿ. ಅಕ್ಕಾರ, ಕ್ಯಾಪಿನ ದಾರ ಎಳೆದು ಹಿಡಿದು ಕ್ಯಾಪನ್ನು ಮೇಲಕ್ಕೆ ಎತ್ತಿ. ಇಕ್ಕಳ ಬೇಡ.